ಚೌತಿ ಮಾಣಿಯ ಹುಟ್ಟುಹಬ್ಬ ಯಾವ ದಿನ? ಪಂಚಾಂಗದಲ್ಲಿ ಹುಡುಕುವ ಕ್ರಮ

ಹೋದ ವರ್ಷ ಗೌರಿ ತದಿಗೆಯ ದಿನ, ಅಂದರೆ 2025ರ ಆಗಸ್ಟ್ 26ರ ಮಂಗಳವಾರ, ತಂಗಿಗೆ ಕಾರವಾರದಲ್ಲಿ ಗಂಡುಮಗು ಆಯಿತು. ಸಂಜೆ 4 ಗಂಟೆ 20 ನಿಮಿಷ. ಶಿರಸಿಯ ಮನೆಯಲ್ಲಿ ಆಗ ಚೌತಿಗೆ ಚಕ್ಕುಲಿ ಕರಿಯುತ್ತಿದ್ದರು. ಸುದ್ದಿ ಕೇಳಿದ್ದೇ ಆಯಿ "ತದಿಗೆ ದಿನ ಹುಟ್ಟಿದ ಮಾಣಿ" ಎಂದು ಹೆಸರಿಟ್ಟುಬಿಟ್ಟಳು. ಈಗ ವರ್ಷ ತುಂಬುತ್ತಿದೆ. ಮೊನ್ನೆ ಫೋನ್ ಮಾಡಿ, "ಮಾಣಿ ಹುಟ್ಟಿದಹಬ್ಬ ಈ ವರ್ಷ ಯಾವಾಗ ಬತ್ತು ನೋಡು, ಭಟ್ರಿಗೆ ಹೇಳವು" ಅಂದಳು.

ನೋಡಿದೆ. ಮಾಣಿ ತದಿಗೆಯಲ್ಲಿ ಹುಟ್ಟಿದ್ದೇ ಅಲ್ಲ. ಹುಟ್ಟಿದ್ದು ಚೌತಿಯಲ್ಲಿ. ಈ ವರ್ಷ ಅವನ ತಿಥಿ ಬರುವುದು ಆಗಸ್ಟಿನಲ್ಲಿ ಅಲ್ಲ, ಸೆಪ್ಟೆಂಬರ್ 15ಕ್ಕೆ. ಅದೂ ಊರೆಲ್ಲ ಚೌತಿ ಹಬ್ಬ ಮಾಡಿದ ಮಾರನೇ ದಿನ. ನಕ್ಷತ್ರ ಹಿಡಿದರೆ ಸೆಪ್ಟೆಂಬರ್ 13. ಆಯಿಗೆ ಇದನ್ನು ಫೋನಿನಲ್ಲಿ ವಿವರಿಸುವಷ್ಟರಲ್ಲಿ ನನಗೇ ಸುಸ್ತಾಯಿತು. ಹಾಗಾಗಿ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ. ನಿಮ್ಮ ಮನೆಯ ಮಗುವಿಗೂ ಇದೇ ಕ್ರಮ.

(ಒಂದು ಮಾತು. ನಮ್ಮಲ್ಲಿ ಸುಮ್ನೆ "ತಿಥಿ" ಅಂದರೆ ಶ್ರಾದ್ಧ ಅಂತಲೇ ಅರ್ಥ. ಮಗುವಿನ ವಿಷಯಕ್ಕೆ "ಅವನ ತಿಥಿ ಯಾವಾಗ" ಎಂದು ಹಿರಿಯರ ಮುಂದೆ ಕೇಳಬೇಡಿ. "ಹುಟ್ಟಿದ ತಿಥಿ" ಅನ್ನಿ.)

ಮೊದಲು, ದಿನ ಯಾಕೆ ಓಡಾಡುತ್ತದೆ

ಶಿರಸಿಯ ಸುತ್ತ ಒಂದು ಉಂಗುರದ ಹಾಗಿನ ರಸ್ತೆ ಇದೆ ಅಂದುಕೊಳ್ಳಿ. ಬದಿಯಲ್ಲಿ 27 ಮೈಲಿಗಲ್ಲು. ರಸ್ತೆಯ ಮೇಲೆ ಒಂದು ಬಸ್ಸು, ಒಂದು ಸೈಕಲ್, ಎರಡೂ ಒಂದೇ ದಿಕ್ಕಿಗೆ ಹೋಗುತ್ತಿವೆ. ಬಸ್ಸು ಚಂದ್ರ, ಸೈಕಲ್ ಸೂರ್ಯ, ಮೈಲಿಗಲ್ಲುಗಳು ನಕ್ಷತ್ರ.

ಬಸ್ಸು ಈಗ ಯಾವ ಮೈಲಿಗಲ್ಲಿನ ಹತ್ತಿರ ಇದೆ ಎಂಬುದು ಆ ದಿನದ ನಕ್ಷತ್ರ. ಬಸ್ಸು ಸೈಕಲಿಗಿಂತ ಎಷ್ಟು ಮುಂದೆ ಹೋಗಿದೆ ಎಂಬುದು ತಿಥಿ. ಎರಡೂ ಒಂದೇ ಕಡೆ ಸೇರಿದಾಗ ಅಮಾವಾಸ್ಯೆ. ಅಲ್ಲಿಂದ ಚಂದ್ರ ಪ್ರತಿ 12 ಡಿಗ್ರಿ ಮುಂದೆ ಹೋದಂತೆ ಒಂದೊಂದು ತಿಥಿ ಮುಗಿಯುತ್ತದೆ. 36 ಡಿಗ್ರಿಯಿಂದ 48 ಡಿಗ್ರಿ ತನಕ ಚೌತಿ.

ಬಸ್ಸು ಹೊರಟ ಮೈಲಿಗಲ್ಲಿಗೇ ವಾಪಸ್ ಬರಲು 27.3 ದಿನ ಸಾಕು. ಆದರೆ ಅಷ್ಟರಲ್ಲಿ ಸೈಕಲ್ ಸ್ವಲ್ಪ ಮುಂದೆ ಹೋಗಿರುತ್ತದೆ, ಅದನ್ನು ಹಿಡಿಯಲು ಇನ್ನೂ ಎರಡು ದಿನ ಬೇಕು. ಹಾಗಾಗಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ. ಇಂಥ 12 ತಿಂಗಳು ಕೂಡಿಸಿದರೆ 354 ದಿನ ಆಗುತ್ತದೆ. ಗೋಡೆಯ ಕ್ಯಾಲೆಂಡರಿನ ವರ್ಷಕ್ಕೆ 365. ಸುಮಾರು 11 ದಿನ ಕಡಿಮೆ ಬಿತ್ತಲ್ವಾ? ಅದಕ್ಕೇ ತಿಥಿಯ ಹುಟ್ಟುಹಬ್ಬ ಪ್ರತಿ ವರ್ಷ 11 ದಿನ ಹಿಂದೆ ಸರಿಯುತ್ತದೆ.

ಹೀಗೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಚೌತಿ ಬೇಸಿಗೆಗೆ ಬಂದು ಕೂತುಬಿಡುತ್ತಿತ್ತು. ಅದಕ್ಕೆ ಸುಮಾರು ಎರಡು ಮುಕ್ಕಾಲು ವರ್ಷಕ್ಕೊಮ್ಮೆ, ಉಳಿದುಹೋದ ದಿನಗಳು ಒಂದು ತಿಂಗಳಾಗುವಾಗ, ಪಂಚಾಂಗ ಒಂದು ಅಧಿಕ ಮಾಸ ಸೇರಿಸುತ್ತದೆ. ಇದು ಯಾರೋ ಮನಸ್ಸಿಗೆ ಬಂದಂತೆ ಸೇರಿಸುವುದಲ್ಲ. ಯಾವ ಚಾಂದ್ರಮಾಸದಲ್ಲಿ ಸೂರ್ಯ ಒಂದೂ ರಾಶಿ ದಾಟುವುದಿಲ್ಲವೋ, ಅಂದರೆ ಸಂಕ್ರಮಣವೇ ಬೀಳುವುದಿಲ್ಲವೋ, ಅದು ಅಧಿಕ. ಈ ವರ್ಷ, 2026ರಲ್ಲಿ, ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ. ಹಾಗಾಗಿ ಹೋದ ಚೌತಿಯಿಂದ ಈ ಚೌತಿಗೆ 12 ಅಲ್ಲ, 13 ತಿಂಗಳು. 383 ದಿನ. ಹಬ್ಬ 11 ದಿನ ಹಿಂದೆ ಹೋಗುವ ಬದಲು 18 ದಿನ ಮುಂದೆ ಹೋಯಿತು.

ಚೌತಿ ಹಬ್ಬದ ಹಳೇ ದಿನಗಳನ್ನೇ ಸಾಲಾಗಿ ಇಟ್ಟು ನೋಡಿ. 2016ರಲ್ಲಿ ಸೆಪ್ಟೆಂಬರ್ 5. 2017ರಲ್ಲಿ ಆಗಸ್ಟ್ 25, 11 ದಿನ ಹಿಂದೆ. 2018ರಲ್ಲಿ ಅಧಿಕ ಮಾಸ ಇತ್ತು, ಸೆಪ್ಟೆಂಬರ್ 13ಕ್ಕೆ ಹಾರಿತು. 2019ರಲ್ಲಿ ಸೆಪ್ಟೆಂಬರ್ 2, 2020ರಲ್ಲಿ ಆಗಸ್ಟ್ 22. ಮತ್ತೆ ಅಧಿಕ ಮಾಸ. ಆದರೆ ಅದು ಆಶ್ವಯುಜದಲ್ಲಿ, ಅಂದರೆ ಆ ವರ್ಷದ ಚೌತಿ ಮುಗಿದ ಮೇಲೆ. ಅದರ ಪರಿಣಾಮ ಕಂಡದ್ದು 2021ರಲ್ಲಿ, ಸೆಪ್ಟೆಂಬರ್ 10. ಎರಡು ಹೆಜ್ಜೆ ಹಿಂದೆ, ಒಂದು ಹಾರು ಮುಂದೆ. ಕೆಲವು ಸಲ ಒಂದೇ ಹೆಜ್ಜೆ ಹಿಂದೆ.

ಹಂತ 1: ಹುಟ್ಟಿದ ಗಂಟೆ ಹುಡುಕಿ, ಬರೀ ತಾರೀಖು ಸಾಲದು

ಹೆಚ್ಚಿನವರು ತಪ್ಪುವುದು ಇಲ್ಲೇ. ನಮ್ಮ ಮನೆಯಲ್ಲೂ ಆದದ್ದು ಇದೇ.

ಗೋಡೆ ಕ್ಯಾಲೆಂಡರಿನಲ್ಲಿ ಒಂದು ತಾರೀಖಿನ ಕೆಳಗೆ ಒಂದೇ ತಿಥಿಯ ಹೆಸರು ಇರುತ್ತದೆ. ಅದು ಸಾಮಾನ್ಯವಾಗಿ ಆ ದಿನ ಬೆಳಿಗ್ಗೆ ಸೂರ್ಯ ಹುಟ್ಟುವಾಗ ಇದ್ದ ತಿಥಿ. ತಿಥಿ ನಮ್ಮ ಗಡಿಯಾರ ಕೇಳಿ ಬದಲಾಗುವುದಿಲ್ಲ. ನಡುಮಧ್ಯಾಹ್ನವೋ ರಾತ್ರಿ ಎರಡಕ್ಕೋ ಮುಗಿಯಬಹುದು. ಮಗು ಅದರ ನಂತರ ಹುಟ್ಟಿದ್ದರೆ ಅದರ ತಿಥಿ ಬೇರೆ.

ಹುಟ್ಟಿದ ಗಂಟೆಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ನೋಡಿ. ಹಳೇ ಕಾಲದವರದ್ದಾದರೆ ಜಾತಕ ನೋಡಿ. ರಾತ್ರಿ 12ರಿಂದ ಬೆಳಗಿನ ಒಳಗೆ ಹುಟ್ಟಿದವರದ್ದು ಇನ್ನೂ ಎಚ್ಚರ ಬೇಕು. ಆಸ್ಪತ್ರೆಗೆ ಆಗಲೇ ತಾರೀಖು ಬದಲಾಗಿರುತ್ತದೆ. ಪಂಚಾಂಗಕ್ಕೆ ಸೂರ್ಯ ಹುಟ್ಟುವ ತನಕ ಹಿಂದಿನ ದಿನವೇ. ಅಂಥವರು ಹಿಂದಿನ ತಾರೀಖಿನ ಸಾಲನ್ನು ನೋಡಬೇಕು.

ಹಂತ 2: ಆ ವರ್ಷದ ಪಂಚಾಂಗದಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ

ಮಾಸ, ಪಕ್ಷ, ತಿಥಿ, ನಕ್ಷತ್ರ. ಇಷ್ಟೇ. ಯೋಗ, ಕರಣ ಇದಕ್ಕೆ ಬೇಡ.

ನಮ್ಮ ಕಡೆ ಬಗ್ಗೋಣ ಪಂಚಾಂಗ ತೂಗುಹಾಕದ ಮನೆ ಕಡಿಮೆ. ಯಾವ ಪಂಚಾಂಗವೇ ಆಗಲಿ, ಹೆಸರಿನ ಪಕ್ಕ ಅದು ಎಷ್ಟು ಹೊತ್ತಿನ ತನಕ ಇದೆ ಎಂಬ ಅಂಕಿ ಇರುತ್ತದೆ. ಆ ಅಂಕಿಯನ್ನು ನಾವು ಓದುವುದೇ ಇಲ್ಲ. ಕೆಲವು ಪಂಚಾಂಗದಲ್ಲಿ ಅದು ಗಂಟೆ, ನಿಮಿಷ. ಕೆಲವದರಲ್ಲಿ ಘಟಿ, ವಿಘಟಿ. ಘಟಿಯ ಲೆಕ್ಕ ಶುರುವಾಗುವುದು ಸೂರ್ಯೋದಯದಿಂದ. ಒಂದು ಘಟಿಗೆ 24 ನಿಮಿಷ, 60 ವಿಘಟಿ ಸೇರಿದರೆ ಒಂದು ಘಟಿ.

ನಮ್ಮ ಮಾಣಿಯ ದಿನವನ್ನೇ ತೆಗೆದುಕೊಳ್ಳಿ. ಆಗಸ್ಟ್ 26ಕ್ಕೆ ತದಿಗೆ ಮುಗಿದದ್ದು 18 ಘಟಿ 50 ವಿಘಟಿಗೆ ಅಂದುಕೊಳ್ಳೋಣ. 18ನ್ನು 24ರಿಂದ ಗುಣಿಸಿದರೆ 432 ನಿಮಿಷ. 50 ವಿಘಟಿಗೆ 20 ನಿಮಿಷ. ಒಟ್ಟು 452, ಅಂದರೆ 7 ಗಂಟೆ 32 ನಿಮಿಷ. ಕಾರವಾರದಲ್ಲಿ ಅವತ್ತು ಸೂರ್ಯ ಹುಟ್ಟಿದ್ದು ಸುಮಾರು 6:22ಕ್ಕೆ. ಕೂಡಿಸಿದರೆ ಮಧ್ಯಾಹ್ನ 1:54. ಅಲ್ಲಿಂದ ಮಾರನೇ ದಿನ ಮಧ್ಯಾಹ್ನ 3:44ರ ತನಕ ಚೌತಿ.

ಮಾಣಿ ಹುಟ್ಟಿದ್ದು 4:20ಕ್ಕೆ. ತದಿಗೆ ಮುಗಿದು ಎರಡೂವರೆ ತಾಸು ಆಗಿತ್ತು. ಮನೆಯವರೆಲ್ಲ ಗೌರಿಯ ದಿನ ಅಂದುಕೊಂಡರು, ಆದರೆ ಅವನು ಚೌತಿ ಮಾಣಿ.

ನಕ್ಷತ್ರಕ್ಕೂ ಹೀಗೇ ನೋಡಿ. ಅವತ್ತು ಹಸ್ತ, ಮಾರನೇ ದಿನ ಬೆಳಿಗ್ಗೆ ಸುಮಾರು 6 ಗಂಟೆಯ ತನಕ ಇತ್ತು. ಹಾಗಾಗಿ ಚೀಟಿಯಲ್ಲಿ ಬರೆದದ್ದು ಇಷ್ಟು: ಭಾದ್ರಪದ, ಶುಕ್ಲ, ಚೌತಿ, ಹಸ್ತ. ಈ ಚೀಟಿಯನ್ನು ಒಮ್ಮೆ ಸರಿಯಾಗಿ ಮಾಡಿದರೆ ಜೀವಮಾನಕ್ಕೆ ಸಾಕು. ನಾನು ಮಗುವಿನ ಲಸಿಕೆ ಕಾರ್ಡಿನ ಹಿಂದೆ ಅಂಟಿಸಲು ತಂಗಿಗೆ ಹೇಳಿದ್ದೇನೆ.

ಹಂತ 3: ಈ ವರ್ಷದ ಪಂಚಾಂಗದಲ್ಲಿ ಹುಡುಕಿ

ಮೊದಲು ಮಾಸ. ಭಾದ್ರಪದದ ಪುಟ ತೆಗೆಯಿರಿ. ಆ ವರ್ಷ ಅದೇ ಹೆಸರಿನ ಅಧಿಕ ಮಾಸ ಇದ್ದರೆ ಅದನ್ನು ಬಿಟ್ಟು ನಿಜ ಮಾಸಕ್ಕೆ ಹೋಗಿ. ಈ ವರ್ಷ ಆ ತೊಂದರೆ ಜ್ಯೇಷ್ಠದಲ್ಲಿ ಹುಟ್ಟಿದವರಿಗೆ ಮಾತ್ರ. ಮಗುವೇ ಅಧಿಕ ಜ್ಯೇಷ್ಠದಲ್ಲಿ ಹುಟ್ಟಿದ್ದರೆ? ಅಧಿಕ ಜ್ಯೇಷ್ಠ ಪ್ರತಿ ವರ್ಷ ಬರುವುದಿಲ್ಲ, ಮುಂದಿನ ವರ್ಷಗಳಲ್ಲಿ ಮಾಮೂಲಿ ಜ್ಯೇಷ್ಠದಲ್ಲೇ ಮಾಡುತ್ತಾರೆ.

ಆಮೇಲೆ ಪಕ್ಷ, ತಿಥಿ. ನಾವು ಹಿಡಿಯುವುದು ಸೂರ್ಯ ಹುಟ್ಟುವಾಗ ಆ ತಿಥಿ ಇರುವ ದಿನವನ್ನು. ಈ ವರ್ಷ ಭಾದ್ರಪದ ಶುಕ್ಲ ಚೌತಿ ಶುರುವಾಗುವುದು ಸೆಪ್ಟೆಂಬರ್ 14ರ ಸೋಮವಾರ ಬೆಳಿಗ್ಗೆ 7 ಗಂಟೆ ದಾಟಿದ ಮೇಲೆ. ಮುಗಿಯುವುದು ಮಂಗಳವಾರ ಬೆಳಿಗ್ಗೆ ಸುಮಾರು 7:44ಕ್ಕೆ. ಆ ಹೊತ್ತಿಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು 6:20ರ ಆಸುಪಾಸು. ಅಂದರೆ ಸೋಮವಾರದ ಸೂರ್ಯೋದಯಕ್ಕೆ ಇನ್ನೂ ತದಿಗೆ. ಮಂಗಳವಾರದ ಸೂರ್ಯೋದಯಕ್ಕೆ ಚೌತಿ. ಮಾಣಿಯ ಹುಟ್ಟುಹಬ್ಬ ಮಂಗಳವಾರ, 15ಕ್ಕೆ.

ಹಾಗಾದರೆ ಗಣಪತಿಯನ್ನು ಸೋಮವಾರ ಯಾಕೆ ಕೂರಿಸುತ್ತಾರೆ? ಗಣಪತಿ ಪೂಜೆಗೆ ಮಧ್ಯಾಹ್ನದ ಹೊತ್ತಿನಲ್ಲಿ ಚೌತಿ ಇರಬೇಕು ಎಂಬುದು ನಿಯಮ. ಸೋಮವಾರ ಮಧ್ಯಾಹ್ನ ಚೌತಿ ಇದೆ, ಮಂಗಳವಾರ ಮಧ್ಯಾಹ್ನಕ್ಕೆ ಪಂಚಮಿ ಬಂದಾಗಿದೆ. ಪ್ರತಿ ಹಬ್ಬಕ್ಕೂ ಹೀಗೆ ಅದರದ್ದೇ ಹೊತ್ತು ಇರುತ್ತದೆ. ಶ್ರಾದ್ಧಕ್ಕೆ ಮಧ್ಯಾಹ್ನದ ನಂತರದ ಹೊತ್ತು ನೋಡುತ್ತಾರೆ. ಹಾಗಾಗಿ "ಅವನು ಚೌತಿಗೆ ಹುಟ್ಟಿದ್ದಲ್ವಾ, ಚೌತಿ ಹಬ್ಬದ ದಿನವೇ ಮಾಡಿದರಾಯ್ತು" ಎಂಬುದು ಎಲ್ಲ ವರ್ಷ ಸರಿಹೋಗುವುದಿಲ್ಲ. ದಸರಾ, ದೀಪಾವಳಿ, ಶಿವರಾತ್ರಿಗೆ ಹುಟ್ಟಿದವರಿಗೂ ಇದೇ ಮಾತು. 2023ರಲ್ಲಿ ಈ ಮಧ್ಯಾಹ್ನದ ಲೆಕ್ಕದಲ್ಲೇ ಗೊಂದಲವಾಗಿ ಕೆಲವು ಕಡೆ ಸೆಪ್ಟೆಂಬರ್ 18ಕ್ಕೆ, ಕೆಲವು ಕಡೆ 19ಕ್ಕೆ ಗಣಪತಿ ಕೂತಿದ್ದು ನೆನಪಿರಬಹುದು. 18ರ ಮಧ್ಯಾಹ್ನ 12:39ಕ್ಕೆ ಚೌತಿ ಶುರುವಾಗಿ 19ರ ಮಧ್ಯಾಹ್ನ 1:43ಕ್ಕೆ ಮುಗಿದಿತ್ತು. ಎರಡೂ ದಿನ ಮಧ್ಯಾಹ್ನಕ್ಕೆ ತಾಗಿತ್ತು.

ಮುಂದಿನ ವರ್ಷ ಇಷ್ಟು ಜಂಜಾಟ ಇಲ್ಲ. 2027ರಲ್ಲಿ ಹಬ್ಬವೂ ಮಾಣಿಯ ತಿಥಿಯೂ ಸೆಪ್ಟೆಂಬರ್ 4ಕ್ಕೇ. ಈ ವರ್ಷದ 15ರಿಂದ 11 ದಿನ ಹಿಂದೆ, ಲೆಕ್ಕ ಸರಿಹೋಯಿತು.

ಹಂತ 4: ನಕ್ಷತ್ರದಿಂದ ಮಾಡುವವರಾದರೆ

ಎಷ್ಟೋ ಮನೆಗಳಲ್ಲಿ ತಿಥಿ ಅಲ್ಲ, ಜನ್ಮನಕ್ಷತ್ರದ ದಿನ ಪೂಜೆ ಮಾಡಿಸುತ್ತಾರೆ. ಹೋದ ವರ್ಷ ಚೌತಿ ಮತ್ತು ಹಸ್ತ ಒಟ್ಟಿಗೇ ಇದ್ದವು. ಈ ವರ್ಷ ಹಸ್ತ ಸಿಗುವುದು ಸೆಪ್ಟೆಂಬರ್ 13ರ ಭಾನುವಾರ ಬೆಳಿಗ್ಗೆ. ತಿಥಿ 15ಕ್ಕೆ. ಎರಡು ದಿನ ಬೇರೆಯಾಗಿಬಿಟ್ಟವು.

ಕಾರಣ ಮತ್ತೆ ಅದೇ ಬಸ್ಸು, ಸೈಕಲ್. ಹೋದ ವರ್ಷ ಭಾದ್ರಪದ ಶುರುವಾದದ್ದು ಆಗಸ್ಟ್ 23ರ ಅಮಾವಾಸ್ಯೆಯ ನಂತರ. ಈ ವರ್ಷ ಸೆಪ್ಟೆಂಬರ್ 11ರ ನಂತರ. ಅಷ್ಟರಲ್ಲಿ ಸೂರ್ಯ 18 ಡಿಗ್ರಿ ಮುಂದಕ್ಕೆ ಹೋಗಿದ್ದಾನೆ. ಚೌತಿ ಅಂದರೆ ಸೂರ್ಯನಿಂದ ಇಷ್ಟು ದೂರ ಎಂದು ತಾನೇ? ಸೂರ್ಯನೇ ಮುಂದೆ ಹೋದರೆ ಚೌತಿಯ ಚಂದ್ರನೂ ಮುಂದಿನ ಮೈಲಿಗಲ್ಲಿಗೆ ಹೋಗಿರುತ್ತಾನೆ. ಒಂದು ನಕ್ಷತ್ರಕ್ಕೆ 13 ಡಿಗ್ರಿ ಚಿಲ್ಲರೆ. ಹಾಗಾಗಿ ಈ ಸಲದ ಚೌತಿ ಹಸ್ತವನ್ನು ಬಿಟ್ಟು ಚಿತ್ತಾ, ಸ್ವಾತಿಗೆ ಹೋಯಿತು. ಕೃಷ್ಣಾಷ್ಟಮಿಗೆ ಅಷ್ಟಮಿ ಒಂದು ದಿನ, ರೋಹಿಣಿ ಇನ್ನೊಂದು ದಿನ ಬಂದು ಜಗಳ ಹತ್ತುವುದೂ ಇದಕ್ಕೇ.

ನಕ್ಷತ್ರದವರಿಗೆ ಇನ್ನೊಂದು ಸಿಕ್ಕು ಇದೆ. ಚಾಂದ್ರಮಾಸ 29.5 ದಿನ, ನಕ್ಷತ್ರದ ಸುತ್ತು 27.3 ದಿನ. ಹಾಗಾಗಿ ಮಾಸದ ಶುರುವಿನ ಒಂದೆರಡು ನಕ್ಷತ್ರ ಅದೇ ಮಾಸದ ಕೊನೆಯಲ್ಲಿ ಮತ್ತೆ ಬರುತ್ತವೆ. ನಿಮಗೆ ಒಂದೇ ತಿಂಗಳಲ್ಲಿ ಎರಡು ಜನ್ಮನಕ್ಷತ್ರ ಸಿಕ್ಕಿದರೆ ಪಂಚಾಂಗದ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಹುಟ್ಟಿದ ಪಕ್ಷ ಯಾವುದೋ ಅದರಲ್ಲಿ ಬಂದದ್ದನ್ನು ಇಟ್ಟುಕೊಳ್ಳುವುದು ನನಗೆ ಸರಿ ಕಾಣುತ್ತದೆ. ನಿಮ್ಮ ಭಟ್ಟರು ಬೇರೆ ಹೇಳಿದರೆ ಅವರದ್ದೇ ನಡೆಯಲಿ. ಕೇರಳದ ಕಡೆಯವರು ನಕ್ಷತ್ರದ ಜೊತೆ ಸೌರಮಾಸ ಹಿಡಿಯುತ್ತಾರೆ, ಅವರ ಲೆಕ್ಕವೇ ಬೇರೆ.

ಇಲ್ಲಿ ನಮ್ಮ ತೋಟದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಹಸ್ತ ಮಳೆ ಪ್ರತಿ ವರ್ಷ ಸೆಪ್ಟೆಂಬರ್ 27ರ ಸುಮಾರಿಗೇ ಹಿಡೀತು. ಮಾಣಿಯ ಹಸ್ತ ಮಾತ್ರ ಯಾಕೆ ಓಡಾಡ್ತು?" ಮಳೆ ನಕ್ಷತ್ರ ಸೂರ್ಯನದ್ದು. ಸೂರ್ಯ ಹಸ್ತಕ್ಕೆ ಬರುವುದು ವರ್ಷಕ್ಕೆ ಒಂದೇ ಸಲ, ಕ್ಯಾಲೆಂಡರೂ ಸೂರ್ಯನದ್ದೇ, ಹಾಗಾಗಿ ತಾರೀಖು ಅಲ್ಲಾಡುವುದಿಲ್ಲ. ಮಕರ ಸಂಕ್ರಾಂತಿಯೂ ಹಾಗೇ. ಜಾತಕದ ಹಸ್ತ ಚಂದ್ರನದ್ದು, ತಿಂಗಳಿಗೊಮ್ಮೆ ಬಂದು ಹೋಗುತ್ತದೆ.

ಎಲ್ಲಿ ಎಡವುತ್ತಾರೆ

ತಿಥಿಯ ಉದ್ದ ಒಂದೇ ಅಲ್ಲ. ಚಂದ್ರ ಭೂಮಿಗೆ ಹತ್ತಿರ ಇದ್ದಾಗ ಜೋರಾಗಿ ಓಡುತ್ತಾನೆ, ದೂರ ಇದ್ದಾಗ ನಿಧಾನ. ಹೋದ ವರ್ಷದ ಚೌತಿ ಸುಮಾರು 26 ತಾಸು ಇತ್ತು. ಕೆಲವು ತಿಥಿ 20 ತಾಸಿಗೇ ಮುಗಿಯುತ್ತವೆ. ಚಿಕ್ಕ ತಿಥಿ ಒಂದು ಸೂರ್ಯೋದಯ ಆದ ಮೇಲೆ ಶುರುವಾಗಿ ಮುಂದಿನದಕ್ಕೆ ಮೊದಲೇ ಮುಗಿದರೆ ಅದು ಕ್ಷಯ, ಕ್ಯಾಲೆಂಡರಿನಲ್ಲಿ ಅದರ ಹೆಸರೇ ಕಾಣುವುದಿಲ್ಲ. ಆಗ ಅದು ನಡೆಯುವ ದಿನವನ್ನೇ ಹಿಡಿಯಿರಿ. ದೊಡ್ಡ ತಿಥಿ ಎರಡು ಸೂರ್ಯೋದಯಕ್ಕೆ ಸಿಕ್ಕಿದರೆ ವೃದ್ಧಿ. ಎರಡರಲ್ಲಿ ಯಾವುದು ಎಂಬುದು ಮನೆಯ ಪದ್ಧತಿಗೆ ಬಿಟ್ಟದ್ದು. ಭಟ್ಟರನ್ನು ಕೇಳಲೇಬೇಕಾದ ಜಾಗ ಇದು.

ಮೊಬೈಲಿನಲ್ಲಿ ನೋಡುವವರು ಎರಡು ಸೆಟ್ಟಿಂಗ್ ಸರಿ ಇದೆಯೇ ನೋಡಿ. ಒಂದು, ಮಾಸ ಅಮಾಂತ ಎಂದು ಇರಬೇಕು. ಉತ್ತರ ಭಾರತದವರ ಪೂರ್ಣಿಮಾಂತ ಇದ್ದರೆ ಕೃಷ್ಣ ಪಕ್ಷದಲ್ಲಿ ಹುಟ್ಟಿದವರಿಗೆ ಇಡೀ ಒಂದು ತಿಂಗಳು ತಪ್ಪುತ್ತದೆ. ನಮ್ಮ ಶ್ರಾವಣ ಕೃಷ್ಣ ಅಷ್ಟಮಿ ಅವರಿಗೆ ಭಾದ್ರಪದ ಕೃಷ್ಣ ಅಷ್ಟಮಿ. ಶುಕ್ಲ ಪಕ್ಷದವರಿಗೆ ಈ ತೊಂದರೆ ಇಲ್ಲ. ಎರಡು, ಊರು. ಕೋಲ್ಕತ್ತಾದಲ್ಲಿ ಸೂರ್ಯ ನಮಗಿಂತ ಸುಮಾರು ಒಂದು ತಾಸು ಮೊದಲೇ ಹುಟ್ಟುತ್ತಾನೆ. ತಿಥಿ ಬೆಳಿಗ್ಗೆ ಐದೂವರೆ, ಆರಕ್ಕೆ ಬದಲಾಗುವ ದಿನ ಅಲ್ಲಿಗೂ ಕಾರವಾರಕ್ಕೂ ಬೇರೆ ಬೇರೆ ತಾರೀಖು ಬಂದೀತು. ದೃಕ್ ಗಣಿತದ ಪಂಚಾಂಗಕ್ಕೂ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ವ್ಯತ್ಯಾಸ ಇರುತ್ತದೆ. ಚೀಟಿ ಬರೆದದ್ದು ಯಾವ ಪಂಚಾಂಗ ನೋಡಿಯೋ ಪ್ರತಿ ವರ್ಷ ಅದನ್ನೇ ನೋಡಿ, ಬೆರಕೆ ಮಾಡಬೇಡಿ.

ಸಿಕ್ಕಿದ ತಾರೀಖು ಸರಿಯೋ ತಪ್ಪೋ ತಿಳಿಯಲು ಹೋದ ವರ್ಷದ್ದರ ಜೊತೆ ಹೋಲಿಸಿ. 10ರಿಂದ 12 ದಿನ ಹಿಂದೆ, ಇಲ್ಲವೇ 18ರಿಂದ 20 ದಿನ ಮುಂದೆ ಇರಬೇಕು. ಬೇರೆ ಏನೇ ಬಂದರೂ ಮಾಸವೋ ಪಕ್ಷವೋ ತಪ್ಪಿದೆ. ದೊಡ್ಡವರದ್ದಾದರೆ 19ನೇ ವರ್ಷಕ್ಕೆ ಹೋಲಿಸಿ. 235 ಚಾಂದ್ರಮಾಸಕ್ಕೂ 19 ವರ್ಷಕ್ಕೂ ಹೆಚ್ಚುಕಡಿಮೆ ಒಂದೇ ದಿನಲೆಕ್ಕ. ಹಾಗಾಗಿ ತಿಥಿ ಮತ್ತು ತಾರೀಖು ಮತ್ತೆ ಹತ್ತಿರ ಬರುತ್ತವೆ, ಒಂದು ದಿನ ಆಚೀಚೆ ಆಗಬಹುದು. 2006ರ ಚೌತಿಯೂ ಆಗಸ್ಟ್ 27, 2025ರದ್ದೂ ಆಗಸ್ಟ್ 27.

ನಮ್ಮ ಅಕ್ಕ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅವಳು ಅಲ್ಲೇ ದೇವರಿಗೆ ದೀಪ ಹಚ್ಚುವವಳು. ಅಲ್ಲಿಯ ಗಡಿಯಾರ ನಮಗಿಂತ ಒಂಬತ್ತೂವರೆ ತಾಸು ಹಿಂದೆ. ಅಲ್ಲಿ ಚೌತಿ 13ರ ರಾತ್ರಿ ಶುರುವಾಗಿ 14ರ ರಾತ್ರಿಗೆ ಮುಗಿದುಹೋಗುತ್ತದೆ, ಸೂರ್ಯೋದಯಕ್ಕೆ ಸಿಗುವುದು 14ರಂದು. ಹಾಗಾಗಿ ಅವಳು ಸೋಮವಾರ, ನಾವು ಮಂಗಳವಾರ. ಆಯಿಗೆ ಇಷ್ಟೆಲ್ಲ ಹೇಳಿ ಮುಗಿಸಿದಾಗ ಅವಳು ಕೇಳಿದ್ದು ಒಂದೇ. "ಹಂಗಾರೆ ಚೌತಿ ಕಜ್ಜಾಯ ಮಾರನೇ ದಿನಕ್ಕೂ ಸ್ವಲ್ಪ ತೆಗೆದಿಡವು, ಅಲ್ದಾ?"